ಬಿಟ್ಟ ಪ್ರಶ್ನೆಗೆ ಗುರುತಿರಲಿ

ಸಿಇಟಿ ಗಣಿತದಲ್ಲಿ ಕೊನೆಯ ಪ್ರಶ್ನೆಗಳನ್ನು ಓದಲೂ ಆಗಲಿಲ್ಲ ಎಂದು ಬರೆದಿದ್ದೀರಿ. 60 ಪ್ರಶ್ನೆಗೆ 80 ನಿಮಿಷ. ಒಂದೇ ಲೆಕ್ಕಕ್ಕೆ ಐದು ನಿಮಿಷ ಕೂತರೆ ಮೂರು ಸುಲಭದ ಅಂಕ ಕೈತಪ್ಪುತ್ತವೆ. ಎರಡು ನಿಮಿಷ ದಾಟಿದರೆ ಮುಂದೆ ಹೋಗಿ. ರಫ್ ವರ್ಕ್ ಜಾಗದಲ್ಲಿ ಅದರ ಸಂಖ್ಯೆ ಬರೆದು, ದಾರಿ ಹೊಳೆದಿದ್ದರೆ ಟಿಕ್, ಏನೂ ಹೊಳೆಯದಿದ್ದರೆ ಸೊನ್ನೆ ಹಾಕಿ. ಮೊದಲ ಸುತ್ತು 50 ನಿಮಿಷದಲ್ಲಿ ಮುಗಿಯಲಿ. ಆಮೇಲೆ ಟಿಕ್ ಹಾಕಿದವುಗಳಿಗೇ ಮೊದಲು ಮರಳಿ.

ನಿಜವಾದ ಅಪಾಯ ಒಎಂಆರ್ ಹಾಳೆಯಲ್ಲಿದೆ. 23ನೇ ಪ್ರಶ್ನೆ ಬಿಟ್ಟು, 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿದರೆ ಮುಂದಿನದೆಲ್ಲ ಜಾರುತ್ತದೆ; ಶಾಯಿ ಅಳಿಸಲಾಗದು. ಆದ್ದರಿಂದ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿ. ಕೊನೆಯ ಐದು ನಿಮಿಷ ಖಾಲಿ ಸಾಲುಗಳಿಗೆ ಮೀಸಲು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.