ರಷ್ಯನ್ನರ ಎರಡು ನೀಲಿ: ಭಾಷಾ ಸಾಪೇಕ್ಷತೆಗೆ ಒಂದು ಪರೀಕ್ಷೆ

ಆಡುವ ಭಾಷೆ ನಮ್ಮ ಗ್ರಹಿಕೆಯ ಮೇಲೆ ಪ್ರಭಾವ ಬೀರುತ್ತದೆ ಎಂಬುದೇ ಭಾಷಾ ಸಾಪೇಕ್ಷತೆ. ಸಪೀರ್ ಮತ್ತು ವೋರ್ಫ್ ಹೆಸರಿನಲ್ಲಿ ಪ್ರಸಿದ್ಧವಾದ ಈ ವಾದಕ್ಕೆ ಒಳ್ಳೆಯ ಪರೀಕ್ಷೆ 2007ರಲ್ಲಿ ವಿನಾವರ್, ಬೊರೊಡಿಟ್ಸ್ಕಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ರಷ್ಯನ್ ಭಾಷೆಯಲ್ಲಿ ತಿಳಿನೀಲಿ 'ಗಲುಬೊಯ್', ಕಡುನೀಲಿ 'ಸಿನಿಯ್'. ಎರಡನ್ನೂ ಒಳಗೊಳ್ಳುವ ಸಾಮಾನ್ಯ ಪದವಿಲ್ಲ. ಪರದೆಯ ಮೇಲ್ಭಾಗದಲ್ಲಿ ಒಂದು ನೀಲಿ ಚೌಕ, ಕೆಳಗೆ ಎರಡು. ಮೇಲಿನದನ್ನು ಹೋಲುವುದು ಯಾವುದೆಂದು ಬೇಗ ಗುರುತಿಸಬೇಕು. ಕೆಳಗಿನ ಎರಡು ಚೌಕಗಳಿಗೆ ಬೇರೆ ಬೇರೆ ಹೆಸರಿದ್ದಾಗ ರಷ್ಯನ್ ಭಾಷಿಕರು ಹೆಚ್ಚು ವೇಗವಾಗಿ ಉತ್ತರಿಸಿದರು. ಇಂಗ್ಲಿಷ್ ಭಾಷಿಕರಲ್ಲಿ ಈ ಅನುಕೂಲ ಕಾಣಲಿಲ್ಲ.

ಇದು ಕಣ್ಣಿನ ಸಹಜ ಗುಣವಿರಬಹುದಲ್ಲವೇ ಎಂಬ ಆಕ್ಷೇಪ ಇಲ್ಲಿ ನಿಲ್ಲದು. ಹಾಗಿದ್ದರೆ ಇಂಗ್ಲಿಷ್ ಭಾಷಿಕರಲ್ಲೂ ಅದು ಕಾಣಬೇಕಿತ್ತು. ಇನ್ನೂ ಬಲವಾದ ಉತ್ತರ ಪ್ರಯೋಗದೊಳಗೇ ಇದೆ. ಅಂಕಿಗಳ ಸಾಲೊಂದನ್ನು ಮನಸ್ಸಿನಲ್ಲೇ ಉರುಹೊಡೆಯುತ್ತ ಬಣ್ಣ ಗುರುತಿಸುವಾಗ ರಷ್ಯನ್ನರ ಅನುಕೂಲ ಮಾಯವಾಯಿತು. ಚೌಕುಳಿ ವಿನ್ಯಾಸವೊಂದನ್ನು ನೆನಪಿನಲ್ಲಿಟ್ಟುಕೊಂಡಾಗ ಉಳಿಯಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಆ ಕ್ಷಣದಲ್ಲಿ ಒಳಗೆ ಎದ್ದ ಪದವೇ. ಹೆಸರು ನೆರವಾದದ್ದು ನೋಟಕ್ಕಲ್ಲ, ತೀರ್ಮಾನಕ್ಕೆ ಮಾತ್ರ ಎನ್ನುವವರಿದ್ದಾರೆ. ಉತ್ತರದ ವೇಗವೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು. ಈ ಮಿತಿಯನ್ನು ಒಪ್ಪಲೇಬೇಕು. ಬಣ್ಣದ ಮೂಲಪದಗಳ ಬೆಳವಣಿಗೆಯಲ್ಲಿ ಸಾರ್ವತ್ರಿಕ ಕ್ರಮವಿದೆ ಎಂದು ಬರ್ಲಿನ್ ಮತ್ತು ಕೇ 1969ರಲ್ಲಿ ಮಂಡಿಸಿದ್ದು ನಿಜ. ಆದರೆ ಆ ವಾದ ಪದಗಳು ಹುಟ್ಟುವ ಬಗೆಯದು, ಹುಟ್ಟಿದ ಪದ ಏನು ಮಾಡುತ್ತದೆ ಎಂಬುದರದಲ್ಲ. ಇಂಗ್ಲಿಷ್ ಭಾಷಿಕರೂ ಎರಡು ನೀಲಿಗಳನ್ನು ಬೇರ್ಪಡಿಸಬಲ್ಲರು, ಹಾಗಾಗಿ ಭಾಷೆ ಗ್ರಹಿಕೆಯನ್ನು ಕಟ್ಟಿಹಾಕುತ್ತದೆ ಎಂಬ ತೀವ್ರರೂಪ ಬೀಳುತ್ತದೆ. ಭಾಷೆ ಪ್ರಭಾವಿಸುತ್ತದೆ ಎಂಬ ಸೌಮ್ಯರೂಪ ಉಳಿಯುತ್ತದೆ.