ಜಾಕೆಟ್ ಬೆಲೆ ಇಳಿಸಲು ಸಂಕ್ರಾಂತಿ ತಡವಾಯಿತು

ಹಾಸನದ ಬಟ್ಟೆ ಅಂಗಡಿಯೊಂದರ ಲೆಕ್ಕವನ್ನು ಈ ಅಂಕಣಕಾರರು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಒಂದು ಚಳಿಗಾಲಕ್ಕೆ ಅಂಗಡಿಯ ಯಜಮಾನರು ಲುಧಿಯಾನದಿಂದ 200 ಜಾಕೆಟ್ ತರಿಸಿದ್ದರು. ಕೊಂಡದ್ದು 700 ರೂಪಾಯಿಗೆ, ಮಾರಿದ್ದು 1,400ಕ್ಕೆ. ಡಿಸೆಂಬರ್ 20ಕ್ಕೆ 90 ಉಳಿದಿದ್ದವು. ‘ಸಂಕ್ರಾಂತಿ ಕಳೀಲಿ, ಆಮೇಲೆ ರೇಟ್ ಇಳಿಸೋಣ’ ಎಂದರು ಯಜಮಾನರು.

ಆಗ ವಾರಕ್ಕೆ ಎಂಟು ಜಾಕೆಟ್ ಹೋಗುತ್ತಿದ್ದವು. ಅದೇ ವೇಗದಲ್ಲಿ 90 ಖಾಲಿಯಾಗಲು ಹನ್ನೊಂದು ವಾರಕ್ಕೂ ಹೆಚ್ಚು ಬೇಕು. ಚಳಿ ಉಳಿದಿದ್ದದ್ದು ಹೆಚ್ಚೆಂದರೆ ಆರು ವಾರ. ಬೆಲೆ ಇಳಿಸುವ ದಿನವನ್ನು ಗೊತ್ತುಮಾಡಬೇಕಾದದ್ದು ಈ ಭಾಗಾಕಾರ, ಹಬ್ಬವಲ್ಲ.

ಕಾದದ್ದರ ಫಲ ಹೀಗಿತ್ತು. ಹಬ್ಬದವರೆಗೆ ಪೂರ್ತಿ ಬೆಲೆಗೆ 20 ಹೋಗಿ 28,000 ರೂಪಾಯಿ ಬಂತು. ಆಮೇಲೆ ಅರ್ಧ ಬೆಲೆಗೆ 15 ಹೋದವು, 10,500 ಬಂತು. ಅಷ್ಟರಲ್ಲಿ ಎಂ, ಎಲ್ ಸೈಜುಗಳು ಮುಗಿದು, ತೀರಾ ಚಿಕ್ಕವು ಮತ್ತು ತೀರಾ ದೊಡ್ಡವು ಮಾತ್ರ ಉಳಿದಿದ್ದರಿಂದ ಅಗ್ಗವೆಂದು ಬಂದವರೂ ಬರಿಗೈಯಲ್ಲಿ ಹೋದರು. ಕೊನೆಗೆ 55 ಜಾಕೆಟ್‌ಗಳನ್ನು ಸಗಟಾಗಿ ಎತ್ತುವವರಿಗೆ ತಲಾ 150ರಂತೆ ಕೊಟ್ಟದ್ದರಿಂದ 8,250. ಒಟ್ಟು 46,750 ರೂಪಾಯಿ; ಆ 90ರ ಅಸಲೇ 63,000.

ಡಿಸೆಂಬರ್ 20ರಂದೇ ಕಾಲುಭಾಗ ಇಳಿಸಿ 1,050ಕ್ಕೆ ಇಟ್ಟಿದ್ದರೆ? 37 ಹೋಗಿದ್ದರೂ 38,850 ರೂಪಾಯಿ. ಉಳಿದ 53 ಅದೇ 150ರ ದರಕ್ಕೆ ಹೋದರೆ 7,950. ಒಟ್ಟು 46,800. ಅಂದರೆ ಆರು ವಾರದಲ್ಲಿ 37 ಜಾಕೆಟ್ ಮಾರಿದರೆ ಕಾದದ್ದಕ್ಕೆ ಸಮ. ಮೂವತ್ತೆಂಟನೆಯದರಿಂದ ಪ್ರತಿಯೊಂದಕ್ಕೂ 900 ರೂಪಾಯಿ ಹೆಚ್ಚು. ಬೆಲೆ ಇಳಿಸದೆಯೇ ವಾರಕ್ಕೆ ಎಂಟು ಹೋಗುತ್ತಿದ್ದ, ಎಲ್ಲ ಸೈಜೂ ಇದ್ದ ಅಂಗಡಿಗೆ ವಾರಕ್ಕೆ ಏಳು ಮಾರುವುದು ಕಷ್ಟದ ಗುರಿಯಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿ ಫೈಲೀನ್ಸ್ ಮಳಿಗೆ 1909ರಲ್ಲಿ ತೆರೆದ ನೆಲಮಾಳಿಗೆಯ ಅಂಗಡಿ ಈ ನಿರ್ಧಾರವನ್ನು ಯಜಮಾನರ ಮನಸ್ಸಿಗೇ ಬಿಡಲಿಲ್ಲ. ಮಾಲು ಬಂದ ದಿನಾಂಕ ಬೆಲೆಚೀಟಿಯಲ್ಲೇ ಇರುತ್ತಿತ್ತು. ವ್ಯಾಪಾರದ 12 ದಿನ ಕಳೆದರೆ ಶೇ 25, 18ಕ್ಕೆ ಶೇ 50, 24ಕ್ಕೆ ಶೇ 75 ಕಡಿತ. 30 ದಿನಕ್ಕೂ ಹೋಗದಿದ್ದರೆ ದಾನ. ಹಾಸನದ ಅಂಗಡಿಗೆ ಇಷ್ಟು ಅವಸರ ಬೇಡ, ಆದರೆ ಮಾಲು ಇಳಿಸಿಕೊಳ್ಳುವಾಗಲೇ ದಿನಾಂಕ ಬರೆದಿಡುವ ಅಭ್ಯಾಸ ಬೇಕೇ ಬೇಕು.

ಮಾಲು ಹಿಡಿದಿಟ್ಟುಕೊಳ್ಳಲೆಂದು ದಿನಗಂತಿನ ಸಾಲ ಮಾರಲು ಬರುವವರನ್ನಂತೂ ಬಾಗಿಲಲ್ಲೇ ಕಳಿಸಬೇಕು. ಬಡ್ಡಿ ದಿನವೂ ಏರುತ್ತದೆ, ಜಾಕೆಟ್ ಬೆಲೆ ವಾರವೂ ಇಳಿಯುತ್ತದೆ. ಇಂಥ ಸಾಲವನ್ನು ವ್ಯಾಪಾರಕ್ಕೆ ನೆರವು ಎನ್ನುವುದು ಸುಳ್ಳು.

ಎಲ್ಲ ಉಣ್ಣೆ ಮಾಲಿಗೂ ಈ ಲೆಕ್ಕ ಹೊಂದುವುದಿಲ್ಲ. ಶಾಲಾ ಸಮವಸ್ತ್ರದ ಸ್ವೆಟರ್‌ಗೆ ಜೂನ್‌ನಲ್ಲಿ, ಶಾಲೆ ಶುರುವಾಗಿ ಮಳೆ ಹಿಡಿದಾಗ ಮತ್ತೆ ಗಿರಾಕಿ ಬರುತ್ತಾರೆ. ಶಾಲೆ ಬಣ್ಣ ಬದಲಿಸದಿದ್ದರೆ ಸಾಕು, ಅದನ್ನು ಪೂರ್ತಿ ಬೆಲೆಗೇ ಕಟ್ಟಿಡಬಹುದು.