ಪರಿಚಿತರ ಹೆಸರಿನಲ್ಲಿ ಬರುವ ಮೋಸದ ಆ್ಯಪ್



"ಪಿ.ಎಂ. ಕಿಸಾನ್ 2,000 ರೂ. ಕಂತು ನಿಲ್ಲುತ್ತದೆ, ಇ-ಕೆವೈಸಿಗಾಗಿ ಈ ಆ್ಯಪ್ ಹಾಕಿಕೊಳ್ಳಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬರುವುದುಂಟು. ಕೆಳಗೆ PM Kisan.apk ಎಂಬಂಥ ಹೆಸರಿನ ಫೈಲ್ ಇರುತ್ತದೆ. ಇದನ್ನು ನಂಬಿ ದೇಶದ ಹಲವು ಕಡೆ ರೈತರು ಹಣ ಕಳೆದುಕೊಂಡಿದ್ದಾರೆ. ಇದೇ ಮೋಸ ಹಾಲಿನ ಬಟವಾಡೆಯ ಹೆಸರಿನಲ್ಲಿಯೂ ಬರಬಹುದಾದ ಕಾರಣ ಇದರ ರೀತಿಯನ್ನು ತಿಳಿದಿರುವುದು ಅಗತ್ಯ.

ಚಿಂತಾಮಣಿ ತಾಲ್ಲೂಕಿನ ಒಂದು ಸಂಘದಲ್ಲಿ ಹೀಗಾಯಿತೆಂದು ಭಾವಿಸೋಣ. ಬೆಳಗಿನ ಹಾಲು ಅಳೆಯುವ ಗಡಿಬಿಡಿಯಲ್ಲಿ ಕಾರ್ಯದರ್ಶಿಯವರು ಆ ಫೈಲನ್ನು ಒತ್ತುತ್ತಾರೆ. ಇದು ಅಪರಿಚಿತ ಆ್ಯಪ್ ಎಂದು ಫೋನು ಎಚ್ಚರಿಸಿದರೂ ಒಪ್ಪಿಗೆ ಕೊಡುತ್ತಾರೆ. ಬಳಿಕ ಆ್ಯಪ್ ಎಸ್.ಎಂ.ಎಸ್. ಓದಲು ಅನುಮತಿ ಕೇಳುತ್ತದೆ. ಅಪಾಯವಿರುವುದು ಇಲ್ಲಿಯೇ. ಅನುಮತಿ ಸಿಕ್ಕಿತೆಂದರೆ ಬ್ಯಾಂಕಿನ ಓಟಿಪಿ ನೇರವಾಗಿ ವಂಚಕನಿಗೆ ತಲುಪುತ್ತದೆ. ಯಾರೂ ಫೋನ್ ಮಾಡಿ ಕೇಳಬೇಕಾದ ಅಗತ್ಯವೇ ಇರುವುದಿಲ್ಲ. ಎಷ್ಟೋ ಸಲ ಅದೇ ಫೈಲು ಆ ಫೋನಿನಿಂದ ಸಂಘದ ಗುಂಪಿಗೂ ಹೋಗುತ್ತದೆ. ಅಪರಿಚಿತರನ್ನು ನಂಬದ ಸದಸ್ಯರು "ನಮ್ಮ ಕಾರ್ಯದರ್ಶಿಯವರೇ ಕಳಿಸಿದ್ದಾರೆ" ಎಂದು ಒತ್ತಿಬಿಡುತ್ತಾರೆ.

ಆದ್ದರಿಂದ ಕಳಿಸಿದವರ ಹೆಸರು ನೋಡಿ ನಂಬಬೇಡಿ. ಕ್ಯಾನು ಯಾರದೆಂದು ನೋಡಿ ನಾವು ಹಾಲನ್ನು ಒಪ್ಪುವುದಿಲ್ಲ, ಲ್ಯಾಕ್ಟೋಮೀಟರ್ ಇಟ್ಟೇ ನೋಡುತ್ತೇವಲ್ಲವೆ? ಫೈಲಿನ ಹೆಸರು .apk ಎಂದು ಮುಗಿದಿದ್ದರೆ ಅದನ್ನು ಮುಟ್ಟಬೇಡಿ. ಅನುಮಾನವಿದ್ದರೆ ಕಳಿಸಿದವರಿಗೆ ಕರೆ ಮಾಡಿ, ಇಲ್ಲವೇ ಡೈರಿಯಲ್ಲಿ ಮುಖತಃ ಕೇಳಿ. ಅದೇ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ವಂಚಕನೇ "ಹೌದು" ಎಂದು ಉತ್ತರಿಸಬಹುದು. ಇ-ಕೆವೈಸಿಯನ್ನು pmkisan.gov.in ತಾಣದಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು.

ಈಗಾಗಲೇ ಒತ್ತಿದ್ದರೆ ಗಾಬರಿ ಬೇಡ, ನಾಚಿಕೆಯೂ ಬೇಡ. ಮೊದಲು ಆ ಫೋನಿನ ಇಂಟರ್‌ನೆಟ್ ನಿಲ್ಲಿಸಿ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ಆ ಕೂಡಲೇ 1930ಕ್ಕೂ ತಿಳಿಸಿ. ಆ್ಯಪ್ ಅಳಿಸುವ ಕೆಲಸ ಆಮೇಲಿನದು. ರಿಸರ್ವ್ ಬ್ಯಾಂಕಿನ ನಿಯಮದಂತೆ, ಗ್ರಾಹಕರ ಅಜಾಗ್ರತೆಯಿಂದ ಆದ ನಷ್ಟದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನದು ಗ್ರಾಹಕರದು. ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕು ಹೊಣೆ. ಹೀಗಾಗಿ ಕರೆ ಮಾಡಿದ ಸಮಯವನ್ನೂ ದೂರಿನ ಸಂಖ್ಯೆಯನ್ನೂ ಪಾಸ್‌ಬುಕ್ಕಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿ.

ಸಂಘದ ಸಿಬ್ಬಂದಿಯವರ ಗಮನಕ್ಕೆ: ತಮ್ಮ ಫೋನಿನಿಂದ ಇಂಥ ಫೈಲು ಹೋಗಿದ್ದರೆ ಗುಂಪಿನಲ್ಲಿ ತಿದ್ದುಪಡಿ ಹಾಕಿದರಷ್ಟೇ ಸಾಲದು. ಅಂದಿನ ಸಂಜೆ ಮತ್ತು ಮರುದಿನ ಬೆಳಿಗ್ಗೆ ಹಾಲು ಹಾಕಲು ಬರುವ ಪ್ರತಿಯೊಬ್ಬರಿಗೂ ಬಾಯಿಮಾತಿನಲ್ಲಿ ತಿಳಿಸಿ, ಸೂಚನಾ ಫಲಕದ ಮೇಲೂ ಬರೆಯತಕ್ಕದ್ದು. ವಾಟ್ಸ್‌ಆ್ಯಪ್ ಇಲ್ಲದ ಸದಸ್ಯರ ಮನೆಯಲ್ಲಿ ಮಕ್ಕಳ ಫೋನು ಇದ್ದೇ ಇರುತ್ತದೆ.